‘ಇದನ್ನೂ ಓದಿ’ ಅಂದ್ರ ಯಾಕ ಓದಬೇಕ್ರೀ?

ಕನ್ನಡದ ಯಾವುದೇ ಸುದ್ದಿ ಜಾಲತಾಣ ತೆಗೀರಿ. ತೊಗರಿ ಬೆಳೆಗೆ ಗೊಡ್ಡುರೋಗ ಬಂದದ ಅನ್ನೋ ವರದಿ ಓದ್ತಾ ಇರ್ತೀರಿ. ಎರಡನೇ ಪ್ಯಾರಾ ಮುಗಿದು ಮೂರನೇದು ಶುರು ಆಗೋದ್ರೊಳಗ ನಡುವೆ ದಪ್ಪ ಅಕ್ಷರದಾಗ ಒಂದು ಸಾಲು: ‘ಇದನ್ನೂ ಓದಿ’. ಅದರ ಮುಂದೆ ಯಾವುದೋ ನಟಿಯ ಮದುವೆ ಸುದ್ದಿ. ಗೊಡ್ಡುರೋಗಕ್ಕೂ ಆ ಮದುವೆಗೂ ಏನು ಸಂಬಂಧ ಅಂತ ಯಾರನ್ನ ಕೇಳಬೇಕು? ಕೇಳಿದರೆ ಉತ್ತರ ಸಿದ್ಧ ಇರ್ತದ: ‘ಸರ್, ಅದು ಇಂಟರ್ನಲ್ ಲಿಂಕಿಂಗ್, ಎಸ್‌ಇಒಗೆ ಬೇಕಾಗ್ತದ.’

ನನ್ನ ಜಗಳ ಇರೋದು ಈ ಉತ್ತರದ ಜೊತೆ. ಒಂದು ತಾಣದ ಒಂದು ಪುಟದಿಂದ ಅದೇ ತಾಣದ ಇನ್ನೊಂದು ಪುಟಕ್ಕೆ ಕೊಂಡಿ ಹಾಕುವುದು ಒಂದು ಕಸುಬು. ಆ ಕಸುಬಿಗೆ ಈಗ ಒಂದು ಸೂತ್ರ ಸಿಕ್ಕಿದೆ. ನಡುವೆ ಒಂದು ದೊಡ್ಡ ಲೇಖನ ಇಡಿ, ಅದಕ್ಕೆ ‘ಪಿಲ್ಲರ್’ ಅನ್ನಿ. ಅದರ ಸುತ್ತ ಅದೇ ವಿಷಯದ ಇಪ್ಪತ್ತು ಮೂವತ್ತು ಸಣ್ಣ ಲೇಖನ ಇಡಿ, ಅವಕ್ಕೆ ‘ಕ್ಲಸ್ಟರ್’ ಅನ್ನಿ. ಸಣ್ಣವೆಲ್ಲ ದೊಡ್ಡದಕ್ಕೆ ಕೊಂಡಿ ಹಾಕಲಿ, ದೊಡ್ಡದು ಸಣ್ಣವಕ್ಕೆ ಕೊಂಡಿ ಹಾಕಲಿ. 2017ರ ಹೊತ್ತಿಗೆ ಹಬ್‌ಸ್ಪಾಟ್ ಎಂಬ ಅಮೆರಿಕದ ಕಂಪನಿ ಇದನ್ನ ಜೋರಾಗಿ ಪ್ರಚಾರ ಮಾಡಿತು. ಆ ಕಂಪನಿ ಮಾರೋದು ಮಾರ್ಕೆಟಿಂಗ್ ಸಾಫ್ಟ್‌ವೇರ್. ಅದು ನೆನಪಿರಲಿ. ಆದರೂ ಸೂತ್ರದ ಮೂಲದಲ್ಲಿ ತಪ್ಪೇನಿಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಗೂಗಲ್‌ನ ಪೇಜ್‌ರ‍್ಯಾಂಕ್ 1998ರಿಂದಲೂ ಕೊಂಡಿಗಳನ್ನೇ ಎಣಿಸುತ್ತ ಬಂದಿದೆ. ಯಾವ ಪುಟಕ್ಕೆ ಎಲ್ಲಿಂದ ಕೊಂಡಿ ಇದೆ, ಆ ಕೊಂಡಿಯ ಮೇಲೆ ಯಾವ ಮಾತು ಬರೆದಿದೆ ಎಂಬುದರಿಂದ ಆ ಪುಟ ಯಾವುದರ ಕುರಿತು ಇದೆ ಎಂದು ಗೂಗಲ್ ಅಂದಾಜು ಮಾಡುತ್ತದೆ. ಹಾಗಾಗಿ ಕೊಂಡಿ ಬೇಕು. ಆದರೆ ನಮ್ಮಲ್ಲಿ ಈ ಸೂತ್ರ ಬಂದಿದ್ದು ಬರೆಯುವವರ ಕೈಗಲ್ಲ, ಪ್ಯಾಕೇಜ್ ಮಾರುವವರ ಕೈಗೆ. ‘ಒಂದು ಪಿಲ್ಲರ್, ಮೂವತ್ತು ಕ್ಲಸ್ಟರ್, ತಿಂಗಳಿಗೆ ಇಷ್ಟು’ ಅಂತ ಮಾರ್ತಾರ, ಥೇಟ್ ಮಂಟಪದ ಬಾಡಿಗೆ ಹೇಳಿದಂಗ.

ಇದೇನು ಹೊಸ ವಿದ್ಯೆಯೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಹದಿನಾಲ್ಕು ಸಂಪುಟಗಳಲ್ಲಿ ಯಾವುದನ್ನಾದರೂ ತೆರೆಯಿರಿ. ವಾಕ್ಯದ ಕೊನೆಗೆ ಆವರಣದಲ್ಲಿ ‘ನೋಡಿ’ ಅಂತ ಬರೆದು ಮುಂದೆ ಇನ್ನೊಂದು ಲೇಖನದ ಹೆಸರು ಕೊಟ್ಟಿರುತ್ತಾರೆ. ಅದು ಕಾಗದದ ಮೇಲಿನ ಆಂತರಿಕ ಕೊಂಡಿ. ಅದನ್ನ ಹಾಕಿದ ಸಂಪಾದಕರಿಗೆ ಗೂಗಲ್ ಗೊತ್ತಿರಲಿಲ್ಲ, ಓದುಗ ಗೊತ್ತಿದ್ದ. ಈ ವಾಕ್ಯ ಓದಿದವನಿಗೆ ಇಲ್ಲೇ ಒಂದು ಪ್ರಶ್ನೆ ಏಳುತ್ತದೆ, ಅದಕ್ಕೆ ಉತ್ತರ ಅಲ್ಲಿದೆ ಎಂದು ಅವರಿಗೆ ಅನ್ನಿಸಿದ ಕಡೆ ಮಾತ್ರ ‘ನೋಡಿ’ ಬರುತ್ತಿತ್ತು. ಪ್ರತಿ ಪುಟಕ್ಕೆ ಮೂರು ಇರಲೇಬೇಕು ಅಂತ ಲೆಕ್ಕ ಇರಲಿಲ್ಲ. ವಿಕಿಪೀಡಿಯ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ದೊಡ್ಡ ಲೇಖನದ ಒಂದು ಭಾಗ ಬೆಳೆದು ಬೆಳೆದು ಭಾರವಾದಾಗ ಅದನ್ನ ಬೇರೆ ಪುಟವಾಗಿ ಕಿತ್ತು, ಮೂಲದಲ್ಲಿ ಎರಡು ಪ್ಯಾರಾ ಸಾರಾಂಶ ಉಳಿಸಿ, ಮೇಲೆ ‘ಮುಖ್ಯ ಲೇಖನ’ ಅಂತ ಕೊಂಡಿ ಕೊಡುತ್ತಾರೆ. ಕಂಬ ಮೊದಲೇ ನಿಲ್ಲಿಸಿ ಆಮೇಲೆ ಚಪ್ಪರಕ್ಕೆ ಜನ ಹುಡುಕುವ ಕೆಲಸ ಅಲ್ಲ ಅದು. ವಿಷಯ ದೊಡ್ಡದಾದಾಗ ತಾನಾಗಿ ಕವಲೊಡೆಯುತ್ತದೆ.

ಒಂದು ತಾಣದ ಕಥೆ ಪೂರ್ತಿ ಹೇಳ್ತೀನಿ. ಹುಮನಾಬಾದ್ ಕಡೆಯ ಒಬ್ಬ ಹುಡುಗ, ಹೆಸರು ಬ್ಯಾಡ, ಬಸವಕಲ್ಯಾಣಕ್ಕೆ ಬರುವ ಪ್ರವಾಸಿಗರಿಗೆ ಅಂತ ಕನ್ನಡದಾಗ ಒಂದು ತಾಣ ಮಾಡಿದ. ಓದಿಕೊಂಡವನು, ಊರೂರು ತಿರುಗಿ ತಾನೇ ಫೋಟೊ ತೆಗೆದವನು. ಒಂದು ಏಜೆನ್ಸಿಯವರು ಬಂದು ಈ ಸೂತ್ರ ಹೇಳಿಕೊಟ್ಟು ದುಡ್ಡು ತಗೊಂಡು ಹೋದರು. ತಾಣದಲ್ಲಿ ಆಗ ಒಟ್ಟು 41 ಪುಟ. ನಡುವಿನ ಕಂಬದ ಹೆಸರು ‘ಬಸವಕಲ್ಯಾಣ: ಸಂಪೂರ್ಣ ಮಾಹಿತಿ’, ಆರು ಸಾವಿರ ಪದ. ಉಳಿದ 40 ಪುಟಗಳೂ ಅದಕ್ಕೆ ಕೊಂಡಿ ಹಾಕಿದ್ದವು. ನಲವತ್ತರಲ್ಲೂ ಕೊಂಡಿಯ ಮಾತು ಒಂದೇ: ‘ಬಸವಕಲ್ಯಾಣ ಸಂಪೂರ್ಣ ಮಾಹಿತಿ’. ಕಂಬದಿಂದ ಹೊರಗೆ ಹೋಗುವ ಕೊಂಡಿಗಳು ಮಾತ್ರ ಬದಿಯ ‘ಇತ್ತೀಚಿನ ಲೇಖನಗಳು’ ಪಟ್ಟಿಯೊಳಗಿನ ಹತ್ತು. ಹನ್ನೊಂದನೆಯದು ಬರೆದ ದಿನ ಮೊದಲನೆಯದು ಆ ಪಟ್ಟಿಯಿಂದ ಉದುರಿ ಹೋಗುತ್ತಿತ್ತು. ಅಂದರೆ ಮೂವತ್ತು ಪುಟಗಳು ಕಂಬವನ್ನ ಹೊತ್ತುಕೊಂಡಿದ್ದವು, ಕಂಬಕ್ಕೆ ಅವುಗಳ ಗುರುತೇ ಇರಲಿಲ್ಲ.

ಆ ನಲವತ್ತನ್ನ ನಾವಿಬ್ಬರೂ ಕೂತು ಒಂದೊಂದಾಗಿ ತೆಗೆದು ಓದಿದೆವು. ಕೋಟೆಯ ಮೇಲೆ ಐದು ಲೇಖನ: ಕೋಟೆಯ ಇತಿಹಾಸ, ಕೋಟೆಯ ವಿಶೇಷತೆ, ಕೋಟೆಗೆ ಯಾಕೆ ಹೋಗಬೇಕು, ಹೀಗೆ. ಐದರಲ್ಲೂ ಅವೇ ನಾಲ್ಕು ಪ್ಯಾರಾ ಹಿಂದುಮುಂದು ಆಗಿದ್ದವು. ಅನುಭವ ಮಂಟಪದ ಮೇಲೆ ನಾಲ್ಕು. ಹವಾಮಾನ, ಪಿನ್ ಕೋಡ್, ಯಾವ ಊರಿಂದ ಎಷ್ಟು ದೂರ ಅನ್ನುವಂಥವು ಆರು. ಬಸವಣ್ಣನವರ ವಚನದ ‘ಸ್ಟೇಟಸ್ ಚಿತ್ರ’ಗಳ ಪುಟ ಹನ್ನೊಂದು. ಉಳಿದ ಹದಿನಾಲ್ಕು ನಿಜವಾದ ಲೇಖನಗಳು, ಅವನೇ ತಿರುಗಾಡಿ ಬರೆದವು: ನಾರಾಯಣಪುರದ ಶಿವಾಲಯ, ಜಲಸಂಗಿಯ ಗುಡಿ, ಹುಮನಾಬಾದಿನ ವೀರಭದ್ರೇಶ್ವರ, ಮಾಣಿಕ ನಗರ, ಆರನೆಯ ವಿಕ್ರಮಾದಿತ್ಯ, ಬಿಲ್ಹಣ, ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರ, ಮುಂತಾದವು. ಮಜಾ ನೋಡ್ರಿ, ಯಾರೂ ಓದದೆ ಮೂಲೆಗೆ ಬಿದ್ದಿದ್ದವು ಇವೇ ಹದಿನಾಲ್ಕು. ಏಜೆನ್ಸಿಯವರ ಲೆಕ್ಕದಾಗ ಇವಕ್ಕ ‘ಸರ್ಚ್ ವಾಲ್ಯೂಮ್’ ಇರಲಿಲ್ಲ.

ರೋಗ ಏನು ಅಂತ ತಿಳಿಯೋದು ಹೇಗೆ? ಊಹೆ ಬೇಕಿಲ್ಲ. ಗೂಗಲ್‌ನ ಸರ್ಚ್ ಕನ್ಸೋಲ್‌ ಪುಕ್ಕಟೆ ಸಿಗುತ್ತದೆ. ಅದರ ಪರ್ಫಾರ್ಮೆನ್ಸ್ ವರದಿಯಲ್ಲಿ ಒಂದು ಹುಡುಕುಪದ ಆರಿಸಿ, ಆಮೇಲೆ ‘ಪೇಜಸ್’ ಅನ್ನುವಲ್ಲಿ ಒತ್ತಬೇಕು. ನಾವು ‘ಬಸವಕಲ್ಯಾಣ ಕೋಟೆ’ ಆರಿಸಿದೆವು. ಆ ಒಂದೇ ಹುಡುಕುಪದಕ್ಕೆ ನಾಲ್ಕು ಪುಟ ಬಂದವು: ಕಂಬದ ಪುಟ ಮತ್ತು ಐದು ಕೋಟೆ ಪುಟಗಳಲ್ಲಿ ಮೂರು. ಒಂದು ವಾರ ಇದು ಮೇಲೆ, ಮುಂದಿನ ವಾರ ಅದು ಮೇಲೆ. ನಮ್ಮ ಮನೆಯ ನಾಲ್ಕು ಮಂದಿ ಒಂದೇ ವಾರ್ಡಿಗೆ ಚುನಾವಣೆಗೆ ನಿಂತಂಗ. ಪರಸ್ಪರ ಮತ ತಿಂದು ನಾಲ್ವರೂ ಠೇವಣಿ ಕಳಕೊಂಡರು. ಕಸುಬಿನವರು ಇದಕ್ಕೆ ಕ್ಯಾನಿಬಲೈಸೇಶನ್ ಅಂತಾರೆ. ಇದು ಯಾಕೆ ಆಗುತ್ತದೆ ಅಂದರೆ, ಯಾವುದು ಕೋಟೆಯ ಪುಟ ಅಂತ ತಾಣವೇ ಹೇಳುತ್ತಿಲ್ಲ. ಐದು ಕೋಟೆ ಪುಟಗಳೂ ಕೊಂಡಿ ಹಾಕುವುದು ಕಂಬಕ್ಕೆ, ಒಂದೂ ಇನ್ನೊಂದಕ್ಕೆ ಹಾಕುವುದಿಲ್ಲ, ಬೇರೆ ಯಾವ ಪುಟವೂ ‘ಬಸವಕಲ್ಯಾಣ ಕೋಟೆ’ ಎಂಬ ಮಾತಿನ ಮೇಲೆ ಇವುಗಳಲ್ಲಿ ಒಂದಕ್ಕೆ ಕೊಂಡಿ ಹಾಕಿಲ್ಲ. ಗೂಗಲ್ ಪಾಪ ಚೀಟಿ ಎತ್ತುತ್ತದೆ.

ಅದೇ ಕನ್ಸೋಲ್‌ನ ‘ಲಿಂಕ್ಸ್’ ವರದಿಯಲ್ಲಿ ನಮ್ಮ ತಾಣದೊಳಗೆ ಅತಿ ಹೆಚ್ಚು ಕೊಂಡಿ ಪಡೆದ ಪುಟ ಯಾವುದು ಅಂತ ತೋರಿಸುತ್ತದೆ. ಮೊದಲ ಸ್ಥಾನ ಮುಖಪುಟಕ್ಕೆ, ಎರಡನೆಯದು ‘ಗೌಪ್ಯತಾ ನೀತಿ’ಗೆ! ಯಾಕಂದ್ರ ಅದರ ಕೊಂಡಿ ಪ್ರತಿ ಪುಟದ ಅಡಿಯಲ್ಲಿ ಇರ್ತದ. ಜಲಸಂಗಿ ಪುಟ ಪಟ್ಟಿಯ ತಳದಲ್ಲಿ, ಒಂದೇ ಕೊಂಡಿ. ಅದೂ ವರ್ಗದ ಹಳೆಯ ಪುಟವೊಂದರಿಂದ.

ಆಮೇಲೆ ಮಾಡಿದ ಕೆಲಸ ಇಷ್ಟು. ಕೋಟೆಯ ಐದನ್ನ ಕೂಡಿಸಿ ಒಂದು ಮಾಡಿದೆವು. ಅನುಭವ ಮಂಟಪದ ನಾಲ್ಕನ್ನ ಎರಡು ಮಾಡಿದೆವು. ಹನ್ನೆರಡನೆಯ ಶತಮಾನದ ಮಂಟಪದ ಬಗ್ಗೆ ನಮಗೆ ಏನು ಗೊತ್ತು, ಹೇಗೆ ಗೊತ್ತು ಎಂಬುದು ಒಂದು. 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ನೂತನ ಅನುಭವ ಮಂಟಪದ ಕಟ್ಟಡ ಇನ್ನೊಂದು. ಇವೆರಡನ್ನ ಒಂದೇ ಪುಟದಲ್ಲಿ ಕಲಸಿದ್ದೇ ದೊಡ್ಡ ಗೊಂದಲ ಆಗಿತ್ತು, ಓದುವವರ ಪ್ರಶ್ನೆಗಳೇ ಬೇರೆ ಬೇರೆ. ದೂರ, ಹವಾಮಾನದ ಆರು ಪುಟ ಸೇರಿ ‘ಹೋಗುವುದು ಹೇಗೆ’ ಅಂತ ಒಂದು. ಸ್ಟೇಟಸ್ ಚಿತ್ರದ ಹನ್ನೊಂದು ತೆಗೆದೇ ಬಿಟ್ಟೆವು. ಕೂಡಿಸಿದ ಹಳೆಯ ಹನ್ನೊಂದು ವಿಳಾಸಗಳಿಗೆ ಶಾಶ್ವತ ಮರುನಿರ್ದೇಶನ ಕೊಟ್ಟೆವು, ಅಂದರೆ 301. ಹಳೆಯ ವಿಳಾಸ ಒತ್ತಿದವರು ಹೊಸ ಪುಟಕ್ಕೆ ಬಂದು ಇಳಿಯುತ್ತಾರೆ. ಆದರೆ ತಾಣದೊಳಗಿನ ಕೊಂಡಿಗಳನ್ನ ಮರುನಿರ್ದೇಶನದ ಮೇಲೆ ಬಿಡಬಾರದು. ಅವನ್ನ ಕೈಯಾರೆ ಹೊಸ ವಿಳಾಸಕ್ಕೇ ತಿದ್ದಬೇಕು. ಇಲ್ಲದಿದ್ದರೆ ನಾಳೆ ಮತ್ತೊಮ್ಮೆ ಹೆಸರು ಬದಲಿಸಿದಾಗ ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಅಂತ ಸರಪಳಿ ಬೆಳೆಯುತ್ತದೆ.

ಇನ್ನು ಕಂಬ. ಇಲ್ಲಿ ನನಗೂ ಅವನಿಗೂ ಎರಡು ದಿನ ವಾದ ಆಯ್ತು. ಸೂತ್ರದ ಪ್ರಕಾರ ಕಂಬ ಒಂದೇ ಇರಬೇಕು. ಆದರೆ ಬಸವಕಲ್ಯಾಣ ಒಂದು ಊರಾದರೂ ಒಂದು ವಿಷಯ ಅಲ್ಲ. ಒಂದನೇ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನ ಇಲ್ಲಿಗೆ ತಂದ ಚಾಲುಕ್ಯರ ಕಲ್ಯಾಣ ಒಂದು. ಅದರ ಸುತ್ತ ಆರನೆಯ ವಿಕ್ರಮಾದಿತ್ಯ, ಅವನ ಆಸ್ಥಾನದ ಬಿಲ್ಹಣ, ವಿಜ್ಞಾನೇಶ್ವರ, ‘ಮಾನಸೋಲ್ಲಾಸ’ದ ಮೂರನೆಯ ಸೋಮೇಶ್ವರ, ನಾರಾಯಣಪುರದ ಗುಡಿ, ಜಲಸಂಗಿ. ಬಸವಣ್ಣ, ಅಲ್ಲಮ, ಅಕ್ಕ ಬಂದು ಸೇರಿದ ಶರಣರ ಕಲ್ಯಾಣ ಇನ್ನೊಂದು. ಬಿಲ್ಹಣನನ್ನ ಹುಡುಕಿ ಬಂದವನಿಗೆ ಅನುಭವ ಮಂಟಪದ ಕೊಂಡಿ ಕೊಟ್ಟರೆ ಅವನು ಒತ್ತುವುದಿಲ್ಲ. ವಚನ ಹುಡುಕಿ ಬಂದವರಿಗೆ ವಿಜ್ಞಾನೇಶ್ವರನ ದಾಯವಿಭಾಗ ಬೇಕಿಲ್ಲ. ಎರಡನ್ನೂ ಆರು ಸಾವಿರ ಪದದ ಒಂದು ಚೀಲಕ್ಕೆ ತುಂಬಿ ‘ಸಂಪೂರ್ಣ ಮಾಹಿತಿ’ ಅಂತ ಹೊಲಿದರೆ ಅದರಲ್ಲಿ ಸಂಪೂರ್ಣವಾಗಿ ಏನೂ ಇರುವುದಿಲ್ಲ. ಕಂಬವನ್ನ ಸೀಳಿ ಎರಡು ಮಾಡಿದೆವು. ಈಗ ಒಟ್ಟು ಇಪ್ಪತ್ತು ಪುಟ. ಎರಡು ನಡುವಿನವು, ಹದಿನೆಂಟು ಸುತ್ತಲಿನವು.

ನಡುವಿನ ಪುಟ ಹೇಗಿರಬೇಕು ಅನ್ನೋದರಲ್ಲಿ ಪ್ಯಾಕೇಜಿನವರು ಮಾಡುವಷ್ಟು ಅನ್ಯಾಯ ಬೇರೆಲ್ಲೂ ಇಲ್ಲ. ಉದ್ದ ಇದ್ದಷ್ಟೂ ಒಳ್ಳೇದು ಅಂತಾರೆ. ಕೋಟೆಯ ಬಗ್ಗೆ ಕಂಬದಲ್ಲೇ ಎಂಟುನೂರು ಪದ ಬರೆದುಬಿಟ್ಟರೆ ಕೋಟೆಯ ಪುಟಕ್ಕೆ ಯಾರು ಯಾಕೆ ಹೋಗಬೇಕು? ಕಂಬವೇ ತನ್ನ ಮಕ್ಕಳ ಊಟ ತಿಂದಂತಾಯಿತು. ವಿಷಯ ಗೊತ್ತಿಲ್ಲದವನು ಮೊದಲು ಕೇಳುವ ಪ್ರಶ್ನೆಗೆ ನಡುವಿನ ಪುಟ ಉತ್ತರ ಕೊಡಬೇಕು. ಎರಡನೇ ಪ್ರಶ್ನೆಗೆ ಸುತ್ತಲಿನ ಪುಟ. ಚಾಲುಕ್ಯರ ಪುಟದಲ್ಲಿ ಜಲಸಂಗಿಗೆ ಈಗ ಇರುವುದು ಮೂರೇ ವಾಕ್ಯ: ಹುಮನಾಬಾದ್ ತಾಲ್ಲೂಕಿನ ಈ ಹಳ್ಳಿಯ ಗುಡಿಯ ಹೊರಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ, ಆ ಬರಹ ವಿಕ್ರಮಾದಿತ್ಯನ ಹೊಗಳಿಕೆ, ರಾಜಧಾನಿಯ ಸುತ್ತಲಿನ ಸಣ್ಣ ಊರುಗಳಲ್ಲೂ ಎಂಥ ಶಿಲ್ಪಿಗಳಿದ್ದರು ಎಂಬುದಕ್ಕೆ ಇದು ಸಾಕ್ಷಿ. ಕೊಂಡಿ ಇರುವುದು ಮೊದಲ ವಾಕ್ಯದ ಒಳಗೇ, ‘ಶಿಲಾಬಾಲಿಕೆ’ಯ ಮೇಲೆ. ಕೆಳಗೆ ಪ್ರತ್ಯೇಕವಾಗಿ ‘ಹೆಚ್ಚಿನ ಮಾಹಿತಿಗಾಗಿ’ ಅಂತ ಇಲ್ಲ.

ಸುತ್ತಲಿನ ಪುಟಗಳ ನಡುವಿನ ಅಡ್ಡ ಕೊಂಡಿಗಳೇ ನನ್ನ ಪ್ರಕಾರ ಇಡೀ ಕೆಲಸದ ಜೀವ. ಏಜೆನ್ಸಿಯವರು ಕೊಟ್ಟ ಚಿತ್ರದಲ್ಲಿ ಎಲ್ಲ ಗೆರೆಗಳೂ ನಡುವಿಗೇ ಹೋಗುತ್ತಿದ್ದವು, ಸೈಕಲ್ ಚಕ್ರದ ಕಡ್ಡಿಗಳ ಹಾಗೆ. ಊರಿಂದ ಊರಿಗೆ ದಾರಿಯೇ ಇಲ್ಲ. ಹುಮನಾಬಾದಿನಿಂದ ಜಲಸಂಗಿಗೆ ಹೋಗೋರು ಬಸವಕಲ್ಯಾಣಕ್ಕ ಹೋಗಿ ತಿರುಗಿ ಬರ್ತಾರೇನ್ರೀ? ಜಲಸಂಗಿ ಪುಟದಲ್ಲಿ ‘ಆರನೆಯ ವಿಕ್ರಮಾದಿತ್ಯ’ ಎಂಬ ಹೆಸರು ಬಂದ ಕಡೆಯಿಂದ ಅವನ ಪುಟಕ್ಕೆ ಕೊಂಡಿ. ಅವನ ಪುಟದಿಂದ ಬಿಲ್ಹಣನಿಗೆ, ಯಾಕಂದರೆ ಅವನ ಚರಿತ್ರೆಯನ್ನ ಕಾವ್ಯ ಮಾಡಿದವನು ಬಿಲ್ಹಣ. ನಾರಾಯಣಪುರದ ಪುಟದಲ್ಲಿ ಶಿಲ್ಪಗಳ ಮಾತು ಬಂದಾಗ ಜಲಸಂಗಿಗೆ. ಎಲ್ಲಿ ಕಾರಣ ಇದೆಯೋ ಅಲ್ಲಿ ಮಾತ್ರ. ಕಾರಣವನ್ನ ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ಆ ಕೊಂಡಿ ಬೇಡ ಎಂಬ ಒಂದೇ ನಿಯಮ ಇಟ್ಟುಕೊಂಡೆವು. ಹಾಗಾಗಿ ಮಾಣಿಕ ನಗರದ ಪುಟ ಚಾಲುಕ್ಯರ ಗುಂಪಿಗೂ ಸೇರಲಿಲ್ಲ, ಶರಣರ ಗುಂಪಿಗೂ ಸೇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮಾಣಿಕ ಪ್ರಭುಗಳನ್ನ ಎಳೆದು ಚಾಲುಕ್ಯರ ಪಕ್ಕ ಕೂಡಿಸುವುದು ಸುಳ್ಳು. ಅದು ‘ಹೋಗುವುದು ಹೇಗೆ’ ಪುಟಕ್ಕೂ, ಹುಮನಾಬಾದಿನ ವೀರಭದ್ರೇಶ್ವರನ ಪುಟಕ್ಕೂ ಹೊಂದಿಕೊಂಡು ಸುಖವಾಗಿದೆ. ಪ್ರತಿ ಪುಟಕ್ಕೂ ಒಂದು ಕಂಬ ಇರಲೇಬೇಕು ಅನ್ನುವುದು ಸೂತ್ರದ ಹಟ, ವಿಷಯದ್ದಲ್ಲ.

ನಮ್ಮ ಮನ್ನಾಏಖೇಳ್ಳಿಯ ಮಾತೂ ಬರಬೇಕಲ್ಲ. ಆ ಆರು ಪುಟಗಳಲ್ಲಿ ಮೂರು ನಮ್ಮೂರಿನವೇ ಆಗಿದ್ದವು: ಪಿನ್ ಕೋಡ್, ಹವಾಮಾನ, ‘ಮನ್ನಾಏಖೇಳ್ಳಿಯಿಂದ ಬಸವಕಲ್ಯಾಣ ಎಷ್ಟು ಕಿಲೋಮೀಟರ್’. ಇದು ಹೈದರಾಬಾದ್–ಸೋಲಾಪುರ ಹೆದ್ದಾರಿಯ ಮೇಲಿನ ಊರು, ಬೀದರಿಗೆ ಹೋಗುವ ದಾರಿಯೂ ಇಲ್ಲಿಂದ ಒಡೆಯುತ್ತದೆ. ಪ್ರವಾಸಿಗೆ ನಮ್ಮೂರ ಬಗ್ಗೆ ತಿಳಿಯಬೇಕಾದ್ದು ಇಷ್ಟೇ: ಎಲ್ಲಿ ಇಳಿಯಬೇಕು, ಯಾವ ಬಸ್ ಹಿಡಿಯಬೇಕು. ಅದಕ್ಕೆ ‘ಹೋಗುವುದು ಹೇಗೆ’ ಪುಟದಲ್ಲಿ ಎರಡು ಸಾಲು ಸಾಕು. ಊರಿನ ಅಭಿಮಾನ ನನಗೂ ಇದೆ, ಆದರೆ ಪಿನ್ ಕೋಡಿಗೆ ಒಂದು ಲೇಖನ ಬರೆಯುವುದು ಅಭಿಮಾನ ಅಲ್ಲ, ಊರಿಗೆ ಮಾಡುವ ಅವಮಾನ. ನಾಳೆ ಯಾರಾದರೂ ಇಲ್ಲಿನ ಸಂತೆಯ ಬಗ್ಗೆ ಕಣ್ಣಾರೆ ಕಂಡು ಬರೆದರೆ ಆಗ ಬೇರೆ ಪುಟ ಆಗಲಿ.

ಕನ್ನಡಕ್ಕೇ ಮೀಸಲಾದ ಕೆಲವು ತೊಡಕುಗಳಿವೆ. ಇಂಗ್ಲಿಷ್ ಪಾಠ ಓದಿ ಬಂದವರಿಗೆ ಇವು ಗೊತ್ತೇ ಇರುವುದಿಲ್ಲ. ಆ ತಾಣದಲ್ಲಿ ತಂತಾನೇ ಕೊಂಡಿ ಹಾಕುವ ಒಂದು ಪ್ಲಗಿನ್ ಕೂಡಿಸಿದ್ದರು. ಅದಕ್ಕೆ ಒಂದು ಪದ ಮತ್ತು ಒಂದು ವಿಳಾಸ ಕೊಟ್ಟರೆ ಸಾಕು, ಆ ಪದ ಕಂಡಲ್ಲೆಲ್ಲ ಕೊಂಡಿ ಅಂಟಿಸುತ್ತದೆ. ಅವರು ಕೊಟ್ಟ ಪದ ‘ಕಲ್ಯಾಣ’. ಫಲ ಏನಾಯಿತು? ‘ಕಲ್ಯಾಣ ಕರ್ನಾಟಕ’ದ ಕಲ್ಯಾಣ, ‘ಸಮಾಜ ಕಲ್ಯಾಣ ಇಲಾಖೆ’ಯ ಕಲ್ಯಾಣ, ಮದುವೆ ಆಗುವ ಕಲ್ಯಾಣ ಮಂಟಪದ ಕಲ್ಯಾಣ, ಎಲ್ಲಾ ಒತ್ತಿದರೂ ಬಸವಕಲ್ಯಾಣದ ಕೋಟೆಗೇ ಹೋಗಿ ಬೀಳುತ್ತಿದ್ದವು. ಊರಿನ ಹಳೆಯ ಹೆಸರು ‘ಕಲ್ಯಾಣಿ’ ಬಂದ ಕಡೆ ಇನ್ನೂ ಚಂದ. ಪ್ಲಗಿನ್ಗೆ ಕನ್ನಡ ಪದ ಎಲ್ಲಿ ಮುಗಿಯುತ್ತದೆ ಅಂತ ತಿಳಿಯದು. ಅದು ‘ಕಲ್ಯಾಣ’ದಷ್ಟನ್ನೇ ಕತ್ತರಿಸಿ ಕೊಂಡಿ ಮಾಡಿ, ಕೊನೆಯ ಗುಡಿಸನ್ನ ಹೊರಗೆ ಬಿಟ್ಟಿತ್ತು. ಕೆಲವು ಬ್ರೌಸರುಗಳಲ್ಲಿ ಆ ಗುಡಿಸು ಅನಾಥವಾಗಿ ಚುಕ್ಕಿಗಳ ಉಂಗುರದ ಮೇಲೆ ಕೂತಿರುತ್ತಿತ್ತು. ಕನ್ನಡದಲ್ಲಿ ಬರೆಯುವವರು ಇಂಥ ಪ್ಲಗಿನ್ ಮೊದಲು ತೆಗೆದು ಹಾಕಬೇಕು. ಇಪ್ಪತ್ತು ಪುಟಕ್ಕೆ ಕೈಯಾರೆ ಕೊಂಡಿ ಹಾಕಲು ಒಂದು ಮಧ್ಯಾಹ್ನ ಸಾಕು.

ಕೈಯಾರೆ ಹಾಕುವಾಗ ವಿಭಕ್ತಿಯ ಸಮೇತ ಪೂರ್ತಿ ಪದವನ್ನ ಕೊಂಡಿಯೊಳಗೆ ತಗೋಬೇಕು: ‘ಜಲಸಂಗಿಯ’, ‘ಕೋಟೆಯೊಳಗೆ’, ‘ಬಿಲ್ಹಣನಿಗೆ’. ಎಲ್ಲ ಕಡೆ ಒಂದೇ ರೂಪ ಇರಬೇಕು, ಇಲ್ಲದಿದ್ದರೆ ಗೂಗಲ್‌ಗೆ ತಿಳಿಯೋದಿಲ್ಲ ಅಂತ ಹೆದರಿಸುವವರಿದ್ದಾರೆ. ಅದೇ ಹೆದರಿಕೆಯಿಂದ ‘ನಾವು ಬಸವಕಲ್ಯಾಣ ಕೋಟೆ ಒಳಗೆ ಹೋದೆವು’ ಅಂತ ವ್ಯಾಕರಣ ಮುರಿದ ವಾಕ್ಯಗಳು ಹುಟ್ಟುತ್ತವೆ. ವಾಕ್ಯ ಕನ್ನಡವಾಗಿರಲಿ. ಕೊಂಡಿಯ ಮಾತು ಪುಟದಿಂದ ಪುಟಕ್ಕೆ ಬದಲಾದರೆ ನಷ್ಟ ಇಲ್ಲ, ಅದು ಸಹಜವೂ ಹೌದು. ನಷ್ಟ ಆಗುವುದು ಮಾತೇ ಇಲ್ಲದ ಕೊಂಡಿಯಿಂದ. ಎರಡನ್ನೂ ಪಕ್ಕಪಕ್ಕ ನೋಡಿ:

```html
<span onclick="go('p=312')">ಇಲ್ಲಿ ಕ್ಲಿಕ್ ಮಾಡಿ</span>

<a href="/jalasangi/">ಜಲಸಂಗಿಯ ಶಾಸನ ಬರೆಯುವ ಶಿಲಾಬಾಲಿಕೆ</a>
```

ಮೊದಲನೆಯದು ನೋಡಲು ಕೊಂಡಿಯೇ, ಬೆರಳಿಟ್ಟರೆ ಕೆಲಸವನ್ನೂ ಮಾಡುತ್ತದೆ. ಆದರೆ ಅದರಲ್ಲಿ `href` ಇಲ್ಲವಾದ್ದರಿಂದ ಗೂಗಲ್‌ನ ಕ್ರಾಲರ್ ಅದನ್ನ ಹಿಡಿದು ಮುಂದೆ ಹೋಗುತ್ತದೆ ಎಂದು ನಂಬುವ ಹಾಗಿಲ್ಲ. ಹೋದರೂ ‘ಇಲ್ಲಿ’ ಅಂದರೆ ಎಲ್ಲಿ ಅಂತ ಅದಕ್ಕೆ ತಿಳಿಯದು. ಕಣ್ಣು ಕಾಣದೆ ಸ್ಕ್ರೀನ್ ರೀಡರ್ ಬಳಸುವ ಓದುಗರಿಗೂ ತಿಳಿಯದು. ಅವರು ಒಂದು ಪುಟದ ಕೊಂಡಿಗಳನ್ನಷ್ಟೇ ಪಟ್ಟಿ ಮಾಡಿಸಿ ಕೇಳುವುದುಂಟು. ಹನ್ನೆರಡು ಸಲ ‘ಇಲ್ಲಿ ಕ್ಲಿಕ್ ಮಾಡಿ’ ಅಂತ ಕೇಳಿದರೆ ಅವರು ಏನು ಮಾಡಬೇಕು?

ಇನ್ನೊಂದು, ವಿಳಾಸ. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಅದನ್ನೇ ವಿಳಾಸ ಮಾಡುತ್ತದೆ. ಆದರೆ ಒಳಗೆ ಪ್ರತಿ ಕನ್ನಡ ಸಂಕೇತವೂ ಒಂಬತ್ತು ರೋಮನ್ ಚಿಹ್ನೆಗಳಾಗಿ ಹಿಗ್ಗುತ್ತದೆ. ‘ಬ’ ಅಂದರೆ `%E0%B2%AC`. ‘ಬಸವಕಲ್ಯಾಣ’ ಒಂದೇ ಪದ 81 ಚಿಹ್ನೆ. ವರ್ಡ್‌ಪ್ರೆಸ್ ವಿಳಾಸದ ಆ ತುಂಡನ್ನ 200 ಚಿಹ್ನೆಗೆ ಕತ್ತರಿಸಿಬಿಡುತ್ತದೆ, ಅಂದರೆ ಸುಮಾರು 22 ಕನ್ನಡ ಸಂಕೇತಕ್ಕೆ. ಒತ್ತು, ಕಾಗುಣಿತದ ಗುರುತು ಎಲ್ಲಾ ಬೇರೆ ಬೇರೆ ಎಣಿಕೆ. ‘ಬಸವಕಲ್ಯಾಣ ಕೋಟೆಯ ಇತಿಹಾಸ ಮತ್ತು ವಾಸ್ತುಶಿಲ್ಪ’ ಹಾಗೂ ‘ಬಸವಕಲ್ಯಾಣ ಕೋಟೆಯ ಇತಿಹಾಸ ಮತ್ತು ಮ್ಯೂಸಿಯಂ’ ಎಂಬ ಎರಡು ಲೇಖನಗಳ ವಿಳಾಸವೂ ‘ಮತ್ತು’ವಿನ ‘ಮ’ಕ್ಕೇ ತುಂಡಾಗಿ ಒಂದೇ ಆಗುತ್ತದೆ, ಎರಡನೆಯದಕ್ಕೆ ಬಾಲದಲ್ಲಿ `-2` ಅಂಟುತ್ತದೆ. ಆಮೇಲೆ ಕೊಂಡಿ ಹಾಕುವವನಿಗೆ ಯಾವುದು ಯಾವುದು ಅಂತ ತಿಳಿಯದೆ ತಪ್ಪು ಪುಟಕ್ಕೆ ಹಾಕುತ್ತಾನೆ. ಆ ಹುಡುಗನ ಐದು ಕೋಟೆ ಪುಟಗಳಲ್ಲಿ ಎರಡರ ಗತಿ ಇದೇ ಆಗಿತ್ತು. ವಿಳಾಸಕ್ಕೆ ಗಿಡ್ಡ ರೋಮನ್ ಹೆಸರು ಕೈಯಾರೆ ಕೊಡುವುದು ಕನ್ನಡ ದ್ರೋಹ ಅಲ್ಲ. ಅಥವಾ ಕನ್ನಡದಲ್ಲೇ ಬೇಕೆಂದರೆ ಒಂದೇ ಪದ ಇಡಿ. ಅದೂ ಹೇಗೆ ಬರೆಯುವುದು ಅಂತ ಮೊದಲೇ ತೀರ್ಮಾನ ಮಾಡಿ. ನಮ್ಮೂರನ್ನೇ ಮನ್ನಾಏಖೇಳ್ಳಿ, ಮನ್ನಾಎಖೆಳ್ಳಿ, ಮನ್ನಾಖೆಳ್ಳಿ ಅಂತ ಜನ ಬರೀತಾರೆ. ಜಲಸಂಗಿ ಕೆಲವರಿಗೆ ಜಲಸಂಗ್ವಿ. ಬೇರೆ ರೂಪಗಳಿಗೆ ಬೇರೆ ಪುಟ ಮಾಡಬಾರದು. ಒಂದೇ ಪುಟದ ಮೊದಲ ಪ್ಯಾರಾದಲ್ಲಿ ‘ಹೀಗೂ ಬರೆಯುತ್ತಾರೆ’ ಅಂತ ಒಂದು ಸಲ ಹೇಳಿದರೆ ಮುಗಿಯಿತು.

ಇದೆಲ್ಲ ಮಾಡಿದ ಮೇಲೆ ಏನಾಯಿತು ಅಂತ ಏಜೆನ್ಸಿಯವರು ಕೇಳುವುದು ನ್ಯಾಯ. ಮೊದಲೆರಡು ತಿಂಗಳು ತಾಣಕ್ಕೆ ಬರುವವರ ಸಂಖ್ಯೆ ಇಳಿಯಿತು. ಸ್ಟೇಟಸ್ ಚಿತ್ರಕ್ಕೆ ಬಂದು ಹೋಗುತ್ತಿದ್ದವರು ಬರುವುದು ನಿಂತಿತು, ಅವರು ತಾಣದಲ್ಲಿ ಬೇರೆ ಏನನ್ನೂ ಓದುತ್ತಿರಲಿಲ್ಲ. ‘ಬಸವಕಲ್ಯಾಣ ಕೋಟೆ’ ಅಂತ ಹುಡುಕಿದರೆ ಕೋಟೆಯ ಪುಟ ಒಂದೇ ಕಾಣಿಸತೊಡಗಿತು. ಜಲಸಂಗಿ ಪುಟಕ್ಕೆ ಹುಡುಕಾಟದಿಂದ ಬರುವವರು ಈಗಲೂ ಕಡಿಮೆಯೇ, ಆದರೆ ಚಾಲುಕ್ಯರ ಪುಟದಿಂದ ಒತ್ತಿ ಅಲ್ಲಿಗೆ ಹೋಗುವವರು ಇದ್ದಾರೆ, ಅಲ್ಲಿಂದ ವಿಕ್ರಮಾದಿತ್ಯನಿಗೂ ಹೋಗುತ್ತಾರೆ. ಇದಕ್ಕಿಂತ ಹೆಚ್ಚಿನದನ್ನ ಕೊಂಡಿಗಳು ಮಾಡಲಾರವು. ಹೊರಗಿನ ತಾಣಗಳು ನಿಮ್ಮ ಪುಟವನ್ನ ಉಲ್ಲೇಖಿಸದಿದ್ದರೆ, ಅಥವಾ ಬೇರೆಯವರು ನಿಮಗಿಂತ ಚೆನ್ನಾಗಿ ಬರೆದಿದ್ದರೆ, ಒಳಗಿನ ಕೊಂಡಿಗಳನ್ನ ಎಷ್ಟು ನೇಯ್ದರೂ ಮೇಲೆ ಬರುವುದಿಲ್ಲ. ಎಂಟು ಹತ್ತು ಪುಟದ ತಾಣಕ್ಕೆ ಕಂಬವೂ ಬೇಡ, ಸುತ್ತಲಿನ ಗುಂಪೂ ಬೇಡ. ಮುಖಪುಟದಲ್ಲಿ ಹತ್ತರ ಹೆಸರೂ ಬರೆದರೆ ಆಯಿತು.

ಮೂರು ತಿಂಗಳಿಗೊಮ್ಮೆ ಆ ಹುಡುಗ ಈಗ ಒಂದು ಕೆಲಸ ಮಾಡ್ತಾನೆ. ಸೈಟ್‌ಮ್ಯಾಪಿನ ಪಟ್ಟಿಯನ್ನೂ ‘ಲಿಂಕ್ಸ್’ ವರದಿಯ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು, ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದ ಪುಟ ಯಾವುದು ಅಂತ ನೋಡುತ್ತಾನೆ. ಹೋದ ಸಲ ಸಿಕ್ಕಿದ್ದು ಒಂದೇ. ವಿಜ್ಞಾನೇಶ್ವರನ ಪುಟ. ಅದಕ್ಕೆ ಎಲ್ಲಿಂದ ಕೊಂಡಿ ಹಾಕಬೇಕು ಅಂತ ಫೋನ್ ಮಾಡಿ ಕೇಳಿದ. ‘ವಿಕ್ರಮಾದಿತ್ಯನ ಆಸ್ಥಾನದ ಪ್ಯಾರಾದಾಗ ಬಿಲ್ಹಣನ ಹೆಸರು ಅದ, ಅವನ ಮಗ್ಗಲಾಗ ಕೂಡಸಪಾ’ ಅಂದೆ.